ಅರಿಸಿನದ ಕಲೆ, ಕಿತ್ತ ಗುಂಡಿ, ಅಮ್ಮನ ಫೋನು

ಈ ಕಥೆಯ ಹುಡುಗ ಹಾಸನದವನು. ಜರ್ಮನಿಯ ಆಖೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ನವೆಂಬರಿನ ಒಂದು ಸಂಜೆ ಬಿಳಿಯ ಕಾಟನ್ ಅಂಗಿಯ ಎದೆಯ ಮೇಲೆ ಸಾಂಬಾರು ಚೆಲ್ಲಿಕೊಂಡ. ಬಟ್ಟೆ ಪುಡಿಯನ್ನು ನೀರಲ್ಲಿ ಕಲಸಿ ಕಲೆಗೆ ಹಚ್ಚಿದ್ದೇ ತಡ, ಹಳದಿಯಿದ್ದದ್ದು ಕಣ್ಣೆದುರೇ ಕೆಂಪಾಯಿತು. ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಇಲ್ಲಿ ಆಗಲೇ ಮಲಗುವ ಹೊತ್ತು.

"ಅಮ್ಮ, ಅಂಗಿ ಹಾಳಾಯ್ತು. ಕಲೆ ಕೆಂಪಗಾಗ್ಬಿಟ್ಟಿದೆ."

"ಹೆದರ್ಕೋಬೇಡ ಕಣೋ. ಆರತಿ ನೀರು ಮಾಡೋವಾಗ ಅರಿಸಿನಕ್ಕೆ ಸುಣ್ಣ ಹಾಕಿದ್ರೆ ಏನಾಗುತ್ತೆ? ಅದೇ ಇದು. ಮೊದ್ಲು ಆ ಪುಡಿ ಪೂರ್ತಿ ಹೋಗೋ ಹಾಗೆ ತಣ್ಣೀರಲ್ಲಿ ಜಾಲಿಸು. ಬಣ್ಣ ಏನಾಯ್ತು ಹೇಳು."

ಜಾಲಿಸಿದ. ಕಲೆ ಮತ್ತೆ ಹಳದಿಗೆ ತಿರುಗಿತು.

ಅಮ್ಮ ಹೇಳಿದ್ದು ನಿಜ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಕ್ಷಾರ ತೊಳೆದುಹೋದರೆ ಹಳದಿಗೆ ಮರಳುತ್ತದೆ. ಸುಣ್ಣವೂ ಬಟ್ಟೆ ಪುಡಿಯೂ ಕ್ಷಾರವೇ. ಕೆಂಪಾದದ್ದು ಅಂಗಿ ಕೆಟ್ಟಿತು ಎಂಬುದರ ಗುರುತಲ್ಲ, ಅಲ್ಲಿ ಇನ್ನೂ ಅರಿಸಿನ ಉಳಿದಿದೆ ಎಂಬುದರ ಗುರುತು.

ಸಾಂಬಾರಿನ ಕಲೆಯಲ್ಲಿ ಎರಡು ಕಲೆಗಳಿರುತ್ತವೆ: ಒಗ್ಗರಣೆಯ ಎಣ್ಣೆ ಮತ್ತು ಅರಿಸಿನದ ಬಣ್ಣ. ಎಣ್ಣೆ ಹೋಗದೆ ಬಣ್ಣ ಸಡಿಲವಾಗುವುದಿಲ್ಲ. ಅದಕ್ಕೇ ಅಮ್ಮ ಪಾತ್ರೆ ತೊಳೆಯುವ ದ್ರಾವಣವನ್ನು ನಾಲ್ಕು ಹನಿ ಹಾಕಿಸಿ, ಹತ್ತು ನಿಮಿಷ ಬಿಡಿಸಿ, ಬಟ್ಟೆಯ ಒಳಮೈಯಿಂದ ನೀರು ಹಾಯಿಸಲು ಹೇಳಿದರು. ಹೊರಮೈಯಿಂದ ಹಾಯಿಸಿದರೆ ಕೊಳೆ ನೂಲಿನೊಳಕ್ಕೇ ಇಳಿಯುತ್ತದೆ. ಜಾರುವ ಜಿಡ್ಡು ಹೋಯಿತೇ ಎಂದು ಬೆರಳಿನಿಂದ ನೋಡಲು ಹೇಳಿ, ಅವನು "ಹೋಯ್ತು" ಎಂದ ಮೇಲೆಯೇ ಮುಂದಿನ ಮಾತಾಡಿದರು. ಫೋನಿನ ಕ್ಯಾಮೆರಾದಲ್ಲಿ ಹಳದಿ ಸರಿಯಾಗಿ ಕಾಣುವುದಿಲ್ಲ, ಜಿಡ್ಡಂತೂ ಕಾಣುವುದೇ ಇಲ್ಲ. ದೂರದಿಂದ ಕಲಿಸುವವರಿಗೆ ಇಂಥ ಪ್ರಶ್ನೆಗಳೇ ಆಧಾರ.

ಅಷ್ಟಾದರೂ ತಿಳಿ ಹಳದಿ ಉಳಿಯಿತು. ಹಾಸ್ಟೆಲಿನ ನೆಲಮಾಳಿಗೆಯ ಡ್ರೈಯರ್‌ಗೆ ಹಾಕಲೇ ಎಂದು ಕೇಳಿದ. "ಬೇಡ್ವೇ ಬೇಡ. ಬಿಸಿ ತಾಗಿದ್ರೆ ಉಳಿದ ಕಲೆ ಕಚ್ಕೊಂಡ್ಬಿಡುತ್ತೆ. ಇಸ್ತ್ರೀನೂ ಮಾಡ್ಬೇಡ. ಒದ್ದೆ ಇರೋವಾಗ್ಲೇ ಬಿಸಿಲಿಗೆ ಹಾಕು."

ಬೆಳಕಿಗೆ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಹಾಸನದ ಬಿಸಿಲಿನಲ್ಲಿ ಬೇಗ ಮುಗಿಯುವ ಈ ಕೆಲಸ ಆಖೆನ್‌ನ ನವೆಂಬರ್ ಮೋಡದಡಿ ನಿಧಾನ. ಕಿಟಕಿಯ ಬಳಿ ತೂಗುಹಾಕಿ, ಒಣಗಿದಾಗಲೆಲ್ಲ ಒದ್ದೆ ಮಾಡಿ ಕಾಯಬೇಕಾಯಿತು. ಈ ಉಪಾಯ ಬಿಳಿ ಹತ್ತಿ ಬಟ್ಟೆಗೆ ಮಾತ್ರ. ಬಣ್ಣದ ಅಂಗಿಯಾಗಿದ್ದರೆ ಅದರ ಬಣ್ಣವೂ ಮಾಸುತ್ತಿತ್ತು, ರೇಷ್ಮೆಯಾಗಿದ್ದರೆ ನೂಲೇ ಬಲ ಕಳೆದುಕೊಳ್ಳುತ್ತಿತ್ತು.

ಉಜ್ಜಾಟದಲ್ಲಿ ಅದೇ ಅಂಗಿಯ ಗುಂಡಿಯೊಂದು ಕಿತ್ತು ಎಲ್ಲೋ ಬಿದ್ದುಹೋಗಿತ್ತು. "ಅಂಗಿ ಕೆಳಗೆ ಒಳಪಟ್ಟೀಲಿ ನೋಡು, ಇನ್ನೊಂದು ಹೊಲಿದಿರ್ತಾರೆ." ಇತ್ತು. ಎರಡು ಗೇಣು ದಾರ ಬರುವಂತೆ ಜೋಡಿಸಿ ಗಂಟು ಹಾಕಿಸಿ, ಸೂಜಿಯನ್ನು ಒಳಗಿನಿಂದ ಹೊರಗೆ ತೆಗೆಸಿದರು. ಹುಡುಗ ಗುಂಡಿಯನ್ನು ಬಟ್ಟೆಗೆ ಅಂಟುವಂತೆ ಬಿಗಿದು ಹೊಲಿದ. ಹಾಕಿಕೊಂಡು ನೋಡಿದರೆ ಕಾಜಾದ ಸುತ್ತ ಬಟ್ಟೆ ಸುಕ್ಕುಗಟ್ಟಿ ಎಳೆಯುತ್ತಿತ್ತು.

"ಬಿಚ್ಚು. ಗುಂಡಿ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಕೊಂಡು, ಅದರ ಮೇಲಿಂದ ಹೊಲಿ."

ಕಾಜಾ ಇರುವ ಪಟ್ಟಿಯ ದಪ್ಪಕ್ಕೆ ಗುಂಡಿಯ ಕೆಳಗೆ ಜಾಗ ಬೇಕು. ಬೆಂಕಿಕಡ್ಡಿ ಆ ಜಾಗವನ್ನು ಅಳೆದುಕೊಡುತ್ತದೆ. ನಾಲ್ಕು ತೂತಿನ ಗುಂಡಿಯಾದರೆ ಒಂದೊಂದು ಜೋಡಿಗೆ ಮೂರು ಸಲ ದಾರ ಹಾಯಿಸಿ, ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆ ಎಳೆದರೆ ಕೆಳಗೆ ಸಡಿಲ ದಾರ ಕಾಣುತ್ತದೆ. ಸೂಜಿಯನ್ನು ಗುಂಡಿಗೂ ಬಟ್ಟೆಗೂ ನಡುವೆ ತಂದು, ಆ ದಾರಕ್ಕೆ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಒಳಗೆ ಇಳಿಸಿ ಗಂಟು ಹಾಕಬೇಕು. ಹೀಗೆ ಸುತ್ತಿದ ಪುಟ್ಟ ಕಂಬದ ಮೇಲೆ ಗುಂಡಿ ನಿಲ್ಲುತ್ತದೆ. ಎರಡನೆಯ ಸಲ ಹುಡುಗನಿಗೆ ಸರಿಯಾಗಿ ಬಂತು.

ಮಗನನ್ನೋ ಮಗಳನ್ನೋ ಓದಲು ಕಳಿಸುವವರಿದ್ದರೆ, ಪೆಟ್ಟಿಗೆಗೆ ಎರಡು ಸೂಜಿ, ಕಪ್ಪು ಬಿಳಿ ದಾರ ಹಾಕಿಕೊಡಿ. ಹೊರಡುವ ಮೊದಲು ಹಳೆಯ ಅಂಗಿಯೊಂದರ ಗುಂಡಿ ಕಿತ್ತು, ಮತ್ತೆ ಹಚ್ಚಲು ಅವರ ಕೈಗೇ ಕೊಡಿ.