ಸೋಲೊ ಕೇಳುವ ಪತ್ರ

ಹವ್ಯಾಸಿ ಕ್ವಾಯರ್‌ನ ಸದಸ್ಯೆಯೊಬ್ಬರು ನಿರ್ದೇಶಕರಿಗೆ 'ನನಗೂ ಒಂದು ಸೋಲೊ ಕೊಡಿ' ಎಂದಷ್ಟೇ ಬರೆದರೆ, ತೀರ್ಮಾನಿಸಲು ಅವರಿಗೆ ಏನೂ ಸಿಗುವುದಿಲ್ಲ. ಫ್ರೆಂಚ್ ಸಂಯೋಜಕ ಗಾಬ್ರಿಯೆಲ್ ಫೋರೆಯ 'ರೆಕ್ವಿಯೆಮ್' ನೋಡಿ. ಅದರ 'ಪಿಯೆ ಜೇಸು' ಭಾಗವನ್ನು ಸೊಪ್ರಾನೊ ಒಬ್ಬರೇ ಹಾಡಬೇಕು. ಸ್ವರ ತೀರಾ ಮೇಲಕ್ಕೇನೂ ಹೋಗುವುದಿಲ್ಲ, ಕಷ್ಟವಿರುವುದು ಉಸಿರಿನಲ್ಲಿ. ಗುಂಪಿನಲ್ಲಿ ಒಬ್ಬರ ಉಸಿರು ಮುಗಿದರೂ ಪಕ್ಕದವರು ಹಾಡುತ್ತಿರುತ್ತಾರೆ. ಇಲ್ಲಿ ಆ ಆಸರೆಯಿಲ್ಲ.

ಹಾಗಾಗಿ ಪತ್ರ ಹೀಗಿರಲಿ: "ಸರ್, 'ಪಿಯೆ ಜೇಸು' ಬಾಯಿಪಾಠವಾಗಿದೆ. ಮೆಲುದನಿಯ ಉದ್ದ ಸಾಲುಗಳ ಕೊನೆಗೆ ಶ್ರುತಿ ಇಳಿಯುತ್ತಿತ್ತು. ಉಸಿರೆಳೆಯುವ ಜಾಗಗಳನ್ನು ಗುರುತು ಮಾಡಿಕೊಂಡ ಮೇಲೆ ಸರಿಹೋಗಿದೆ. ಮುಂದಿನ ಪ್ರಾಕ್ಟೀಸ್ ಮುಗಿದ ಮೇಲೆ ಐದು ನಿಮಿಷ ಕೇಳುತ್ತೀರಾ? ಆಯ್ಕೆಯಾಗದಿದ್ದರೂ ಗುಂಪಿನಲ್ಲಿ ಹಾಡುತ್ತೇನೆ."

ಆ ಕೊನೆಯ ಮಾತಿದ್ದರೆ ನಿರ್ದೇಶಕರು ಸಂಕೋಚವಿಲ್ಲದೆ 'ಬೇಡ' ಎನ್ನಬಹುದು; ಅದಕ್ಕೇ ಕೇಳಿನೋಡಲು ಒಪ್ಪುವುದೂ ಸುಲಭ.