ಐದು ವರ್ಷ ವಾರಂಟಿ, ಆದರೆ ಯಾವುದಕ್ಕೆ?

ಹುಬ್ಬಳ್ಳಿಯ ಒಂದು ಅಂಗಡಿ ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರನ್ನು ಆನ್‌ಲೈನಿನಲ್ಲಿ ಮಾರಲು ಹೊರಟಿದೆ ಎಂದುಕೊಳ್ಳಿ. ಫೋಟೊ ಕೆಳಗೆ ಬರೆದಿರುವುದು ಇಷ್ಟೇ: ‘ಶೀಘ್ರ ಡೆಲಿವರಿ. ನೋ ರಿಟರ್ನ್. 5 ವರ್ಷ ವಾರಂಟಿ.’ ಮೂರೂ ಮಾತು ಮುಂದೆ ಜಗಳಕ್ಕೆ ದಾರಿ.

‘ಶೀಘ್ರ’ ಎಂದರೆ ಗಿರಾಕಿಗೆ ನಾಳೆ, ಅಂಗಡಿಯವರಿಗೆ ಮುಂದಿನ ವಾರ. ಕೊರಿಯರ್‌ಗೆ ಕೊಡುವ ದಿನ ಬೇರೆ, ಮನೆ ಮುಟ್ಟುವ ದಿನ ಬೇರೆ. ಎರಡನ್ನೂ ಹೀಗೆ ಬರೆಯಬಹುದು: ‘ಆರ್ಡರ್ ಬಂದ ಮರುದಿನ ಕೊರಿಯರ್‌ಗೆ ಕೊಡುತ್ತೇವೆ, ಭಾನುವಾರ ರಜೆ. ಕರ್ನಾಟಕದೊಳಗೆ ತಲುಪಲು 3ರಿಂದ 6 ದಿನ. ಸಾಗಣೆಗೆ 250 ರೂಪಾಯಿ ಪ್ರತ್ಯೇಕ.’ ಆಸೆಗೆ ಬಿದ್ದು ಎರಡೇ ದಿನ ಎನ್ನಬೇಡಿ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನ ದಾಟಿ ಬಂದ ಸರಕನ್ನು ಗಿರಾಕಿ ಬೇಡವೆಂದರೆ ಮಾರಿದವರು ವಾಪಸ್ ಪಡೆಯಲೇಬೇಕು. ಪ್ರವಾಹದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ.

‘ನೋ ರಿಟರ್ನ್’ ಎಂಬುದಂತೂ ಕಾನೂನಿನ ಮುಂದೆ ನಿಲ್ಲದ ಮಾತು. ಒಡೆದದ್ದು, ಕೆಟ್ಟದ್ದು, ತೋರಿಸಿದ್ದಕ್ಕಿಂತ ಬೇರೆಯದು ಬಂದರೆ ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಮನಸ್ಸು ಬದಲಾಗಿ ಬೇಡವೆನ್ನುವುದು ಬೇರೆ ವಿಷಯ, ಅದಕ್ಕೆ ಒಪ್ಪದಿರಲು ಅಂಗಡಿಗೆ ಹಕ್ಕಿದೆ. ಈ ಎರಡನ್ನೂ ಒಂದೇ ಸಾಲಿಗೆ ತುರುಕುವುದರಲ್ಲೇ ತಪ್ಪಿರುವುದು. ‘ಕಲ್ಲು ಬಿರುಕು ಬಿಟ್ಟಿದ್ದರೆ, ಮೋಟಾರು ತಿರುಗದಿದ್ದರೆ, ಬೇರೆ ಮಾಡೆಲ್ ಬಂದಿದ್ದರೆ 7 ದಿನದೊಳಗೆ ಫೋಟೊ ಕಳಿಸಿ. ವಾಪಸ್ ಸಾಗಣೆ ಖರ್ಚು ನಮ್ಮದು. ಬದಲಿ ಬೇಕೋ ಹಣ ಬೇಕೋ ನೀವೇ ಹೇಳಿ. ಬಳಸದ ಗ್ರೈಂಡರ್ ಬೇಡವಾದರೆ 3 ದಿನದೊಳಗೆ ತಿಳಿಸಿ, ಸಾಗಣೆ ಖರ್ಚು ನಿಮ್ಮದು.’ ಕಲ್ಲಿನ ಭಾರ ಹೊತ್ತ ಪೆಟ್ಟಿಗೆಯ ವಾಪಸ್ ಖರ್ಚು ಸಣ್ಣದಲ್ಲ, ಆದ್ದರಿಂದ ಅದು ಯಾರದ್ದೆಂದು ಮೊದಲೇ ಹೇಳಿಬಿಡಬೇಕು. ಪೆಟ್ಟಿಗೆ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರೇ ಕೇಳುವುದಿಲ್ಲ ಎನ್ನುವವರೂ ಇದ್ದಾರೆ. ವಿಡಿಯೊ ಇದ್ದರೆ ಬೇಗ ಬಗೆಹರಿಯುತ್ತದೆ ಎಂದರೆ ಸಾಕು. ಅಡುಗೆಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಶೂಟಿಂಗ್ ಎಲ್ಲಿ ಮಾಡಿಯಾರು?

ಹೆಚ್ಚು ಮೋಸ ಅಡಗುವುದು ಮೂರನೆಯದರಲ್ಲಿ. ಗ್ರೈಂಡರಿನ ಐದು ವರ್ಷ ಹಲವು ಬಾರಿ ಮೋಟಾರಿಗೆ ಮಾತ್ರ. ಮಿಕ್ಕ ಭಾಗಗಳಿಗೆ ಸಿಗುವುದು ಕಡಿಮೆ ಅವಧಿ, ಸವೆಯುವ ಬೆಲ್ಟಿಗೆ ಕೆಲವೊಮ್ಮೆ ಏನೂ ಇಲ್ಲ. ಕಂಪನಿಯ ಕಾರ್ಡು ಓದಿಕೊಂಡು ಅದರಲ್ಲಿದ್ದಂತೆಯೇ ಬರೆಯಬೇಕು: ‘ಮೋಟಾರಿಗೆ 5 ವರ್ಷ, ಉಳಿದ ಭಾಗಗಳಿಗೆ 1 ವರ್ಷ, ಬಿಲ್ ದಿನಾಂಕದಿಂದ. ಬೆಲ್ಟ್ ಸೇರಿಲ್ಲ. ವಾರಂಟಿ ಕೊಡುವುದು ಕಂಪನಿ, ಅಂಗಡಿಯಲ್ಲ. ರಿಪೇರಿ ಅವರ ಸರ್ವಿಸ್ ಸೆಂಟರಿನಲ್ಲಿ. ಮೊದಲ ವರ್ಷದ ನಂತರ ಮೆಕ್ಯಾನಿಕ್ ಕೂಲಿ ನಿಮ್ಮದು. ಹೋಟೆಲ್ ಬಳಕೆಗೆ ಅನ್ವಯಿಸದು.’

ಇಷ್ಟೂ ಸಾಲುಗಳು ಬೆಲೆಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಇರಲಿ. ಬಿಲ್ಲಿನಲ್ಲೂ ಇದನ್ನೇ ಮುದ್ರಿಸಬೇಕು. ಲಿಸ್ಟಿಂಗಿನಲ್ಲಿ 7 ದಿನ, ಬಿಲ್ಲಿನ ಹಿಂಬದಿಯಲ್ಲಿ ‘ಮಾರಿದ ಸರಕು ವಾಪಸ್ ಪಡೆಯುವುದಿಲ್ಲ’ ಎಂದಿದ್ದರೆ, ಗಿರಾಕಿ 1915ಕ್ಕೆ ಫೋನು ಮಾಡಿ ದೂರು ಕೊಡುವಾಗ ಎರಡನ್ನೂ ಒಟ್ಟಿಗೇ ತೋರಿಸುತ್ತಾರೆ.