ಪರದೆಯ ಮೇಲೆ ಚೌಕಾಬಾರ: ಗರ ತಪ್ಪಿದರೆ ಆಟವೇ ತಪ್ಪುತ್ತದೆ

ಚೌಕಾಬಾರವನ್ನು ಮೊಬೈಲಿಗೆ ತರಲು ಹೊರಟವರು ಮೊದಲು ಎಡವುವುದು ಕವಡೆ ಹಾಕುವ ಕಡೆಯಲ್ಲೇ. ನಾಲ್ಕು ಕವಡೆ ಹಾಕಿದರೆ 1, 2, 3, 4 ಅಥವಾ 8 ಬೀಳುತ್ತದೆ. ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಈ ಐದು ಸಂಖ್ಯೆಗಳಲ್ಲಿ ಯಾವುದಾದರೊಂದನ್ನು ಆರಿಸು ಎಂದು ಕಂಪ್ಯೂಟರಿಗೆ ಹೇಳಿಬಿಟ್ಟರೆ ಪ್ರತಿಯೊಂದೂ 100ಕ್ಕೆ 20 ಸಲ ಬೀಳುತ್ತದೆ. ಜಗಲಿಯ ಮೇಲೆ ಆಡುವಾಗ ಹಾಗಾಗುವುದಿಲ್ಲ.

ಒಂದು ಕವಡೆ ಬಾಯಿ ಮೇಲಾಗುವ, ಬೋರಲಾಗುವ ಸಾಧ್ಯತೆ ಸಮಸಮ ಎಂದುಕೊಳ್ಳೋಣ. ನಾಲ್ಕು ಕವಡೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 2 ಬೀಳುವ ಬಗೆಗಳು 6, 1 ಬೀಳುವವು 4, 3 ಬೀಳುವವೂ 4. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಹಕ್ಕು ಸಿಗುವುದು ಅವು ಅಪರೂಪವೆಂದೇ. ಎಂಟು ಸಲಕ್ಕೆ ಒಮ್ಮೆ ಸಿಗಬೇಕಾದ ಮರುಗರ, ಐದನ್ನೂ ಸಮವಾಗಿಸಿದ ಆಟದಲ್ಲಿ ಐದು ಸಲಕ್ಕೆ ಎರಡು ಬಾರಿ ಸಿಕ್ಕಿಬಿಡುತ್ತದೆ. ಹಾಗಾಗಿ ಗರವನ್ನು ಆರಿಸಬಾರದು, ಕವಡೆಗಳನ್ನೇ ಒಂದೊಂದಾಗಿ ಹಾಕಬೇಕು:

```python
def throw(p):
    up = sum(random.random() < p for _ in range(4))
    return 8 if up == 0 else up
```

ಇಲ್ಲಿ `p` ಎಂದರೆ ಒಂದು ಕವಡೆ ಬಾಯಿ ಮೇಲಾಗಿ ಬೀಳುವ ಸಾಧ್ಯತೆ. ಅದನ್ನು ಬದಲಿಸಲು ಬರುವಂತೆ ಇಟ್ಟುಕೊಳ್ಳಲು ಕಾರಣವಿದೆ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡೂ ಸಮವಾಗಿ ಬೀಳಲೇಬೇಕೆಂಬ ನಿಯಮವಿಲ್ಲ. ಸೀಳಿದ ಹುಣಸೆಬೀಜದ್ದು ಇನ್ನೊಂದು ಬಗೆ. `p` 0.5ರಿಂದ 0.4ಕ್ಕೆ ಇಳಿದರೂ ಸಾಕು, ಬಾರ 100ಕ್ಕೆ 13ರಷ್ಟಾಗುತ್ತದೆ, ಚೌಕ ಮೂರಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಮನೆಯ ಕವಡೆಗಳನ್ನೇ 100 ಸಲ ಹಾಕಿ, 400 ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾದವೆಂದು ಎಣಿಸಬೇಕು. ಸಿಗುವ ಉತ್ತರದಲ್ಲಿ 100ಕ್ಕೆ ಸುಮಾರು 5ರಷ್ಟು ಆಚೀಚೆ ಇರಬಹುದು. ಇನ್ನೂ ನಿಖರವಾಗಬೇಕೆಂದರೆ ಇನ್ನಷ್ಟು ಸಲ ಹಾಕಬೇಕು.

ಗರದ ಲೆಕ್ಕ ತಪ್ಪಿದರೆ ಕಾಯಿ ಕಡಿಯುವ ಲೆಕ್ಕಾಚಾರವೂ ಕೆಡುತ್ತದೆ. ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನನ್ನ ಕಾಯಿ ಇದೆ ಎನ್ನೋಣ. ಸಮ ಕವಡೆಯಲ್ಲಿ 2 ಬೀಳುವುದು 16ರಲ್ಲಿ 6 ಸಲ, ಅಂದರೆ ಅಪಾಯ 100ಕ್ಕೆ 37ಕ್ಕೂ ಹೆಚ್ಚು. ನಾಲ್ಕು ಮನೆ ಮುಂದಿದ್ದರೆ ಅದು 6ರ ಆಸುಪಾಸು. ಐದು ಮನೆ ಮುಂದಿದ್ದರೆ ಚೌಕ ಬಿದ್ದು ಮರುಗರದಲ್ಲಿ 1 ಬೀಳಬೇಕು, ಅದು 64ಕ್ಕೆ ಒಂದೇ ಸಲ. ಎದುರಾಳಿಯ ಮೂಗಿನಡಿಯಿಂದ ಕಾಯಿಯನ್ನು ದೂರ ಸರಿಸುವ ಅನುಭವಿಗಳ ಜಾಣತನ ಇದೇ. ಐದು ಗರಗಳನ್ನೂ ಸಮ ಮಾಡಿದ ಆಟದಲ್ಲಿ ಎರಡು ಮನೆ, ನಾಲ್ಕು ಮನೆ ಎರಡರ ಅಪಾಯವೂ ಒಂದೇ ಆಗಿ, ಆ ಜಾಣತನಕ್ಕೆ ಬೆಲೆಯೇ ಇರುವುದಿಲ್ಲ.

ಕಡಿಯುವುದನ್ನು ಬರೆಯುವಾಗ ಇನ್ನೊಂದು ತೊಡಕಿದೆ. ಐದಕ್ಕೈದರ ಮನೆಯಲ್ಲಿ ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಗಿನ 16 ಮನೆಗಳನ್ನು ಎಡಸುತ್ತಾಗಿ ಸುತ್ತಿ, ಒಳಗಿನ 8 ಮನೆಗಳನ್ನು ಬಲಸುತ್ತಾಗಿ ನಡೆದು, 24ನೇ ಹೆಜ್ಜೆಗೆ ನಡುಮನೆಯಲ್ಲಿ ಹಣ್ಣಾಗುತ್ತದೆ. ಪ್ರತಿ ಕಾಯಿಗೂ ‘ಎಷ್ಟು ಹೆಜ್ಜೆ ನಡೆದಿದೆ’ ಎಂಬ ಒಂದು ಸಂಖ್ಯೆ ಸಾಕು. ಆದರೆ ಕಡಿಯುವಾಗ ಹೋಲಿಸಬೇಕಾದ್ದು ಹೆಜ್ಜೆಯನ್ನಲ್ಲ, ಮನೆಯನ್ನು. ಎದುರು ಕೂತವರ ಕಟ್ಟೆ ನನ್ನ 8ನೇ ಹೆಜ್ಜೆಯ ಮನೆ. ಹಾಗಾಗಿ ನನ್ನ 3ನೇ ಹೆಜ್ಜೆಯೂ ಅವರ 11ನೇ ಹೆಜ್ಜೆಯೂ ಒಂದೇ ಮನೆ. ಒಳಸುತ್ತಿನಲ್ಲಿ ಈ ಅಂತರ 8 ಅಲ್ಲ, 4. ಅವರ 16ನೇ ಹೆಜ್ಜೆ ನನ್ನ 20ನೆಯದು. ಎಲ್ಲೆಡೆ 8 ಕೂಡಿಸಿದ ಪ್ರೋಗ್ರಾಂ ಹೊರಸುತ್ತಿನಲ್ಲಿ ಸರಿಯಾಗಿ ಕಡಿದು, ಒಳಗೆ ಹೋದ ಮೇಲೆ ಎದುರಿಗಿರುವ ಕಾಯಿಯನ್ನು ಕಾಣದೆ ದಾಟಿಹೋಗುತ್ತದೆ. ಪ್ರತಿ ಆಟಗಾರರಿಗೂ 25 ಮನೆಗಳ ದಾರಿಯನ್ನು ಪಟ್ಟಿಯಾಗಿ ಬರೆದಿಟ್ಟು ಅದನ್ನೇ ನೋಡಿದರೆ ಈ ತಪ್ಪಿಗೆ ಎಡೆಯಿಲ್ಲ.

ಉಳಿದ ನಿಯಮಗಳನ್ನು ಕ್ರಮವಾಗಿ ಕೇಳಬೇಕು. ಇಳಿದ ಮನೆ ಗೀಟು ಹಾಕಿದ ಕಟ್ಟೆಯೇ? ಹೌದಾದರೆ ಇಬ್ಬರ ಕಾಯಿಯೂ ಅಲ್ಲೇ ಕೂರುತ್ತವೆ. ಅಲ್ಲವಾದರೆ, ಅಲ್ಲಿ ಎದುರಾಳಿಯ ಕಾಯಿ ಇದೆಯೇ? ಇದ್ದರೆ ಅದು ತನ್ನ ಕಟ್ಟೆಗೆ ಮರಳುತ್ತದೆ, ಕಡಿದವರಿಗೆ ಇನ್ನೊಂದು ಗರ. ಜೊತೆಗೆ ‘ಈ ಆಟಗಾರರು ಕಡಿದಿದ್ದಾರೆ’ ಎಂದು ಗುರುತು ಹಾಕಿಡಬೇಕು, ಏಕೆಂದರೆ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಆ ಗುರುತನ್ನು ಕಾಯಿ ನಡೆಸಿದ ಮೇಲಲ್ಲ, ಯಾವ ಯಾವ ನಡೆಗಳು ಸಲ್ಲುತ್ತವೆಂದು ಪಟ್ಟಿ ಮಾಡುವಾಗಲೇ ನೋಡಬೇಕು. ಇಲ್ಲದಿದ್ದರೆ ಆಟ ಸಲ್ಲದ ನಡೆಯನ್ನು ತೋರಿಸಿ ಆಮೇಲೆ ಬೇಡವೆನ್ನುತ್ತದೆ.

ಕಡಿಯದ ಕಾಯಿ ಹೊರಸುತ್ತಿನ ಕೊನೆಯಲ್ಲಿ ಕಾಯಬೇಕೇ, ಮತ್ತೊಂದು ಸುತ್ತು ಬರಬೇಕೇ? ಒಂದೇ ಮನೆಯಲ್ಲಿ ಕೂತ ತನ್ನವೇ ಎರಡು ಕಾಯಿಗಳನ್ನು ಒಂಟಿ ಕಾಯಿ ಕಡಿಯಬಹುದೇ? ಇವು ಊರಿಂದೂರಿಗೆ ಬೇರೆ. ಆಟ ಶುರುವಾಗುವ ಮುನ್ನ ಇವನ್ನು ಆಟಗಾರರೇ ಆರಿಸಿಕೊಳ್ಳುವಂತಿರಬೇಕು.

ಕೊನೆಗೊಂದು ಪರೀಕ್ಷೆ. `p` 0.5 ಇಟ್ಟು 1600 ಸಲ ಕವಡೆ ಹಾಕಿಸಿ. ಚೌಕ, ಬಾರ ಒಂದೊಂದೂ 100ರ ಆಸುಪಾಸಿನಲ್ಲಿ ಬರಬೇಕು. ಸಾಮಾನ್ಯವಾಗಿ 80ರಿಂದ 120ರೊಳಗೆ ಇರುತ್ತವೆ. 320ರ ಹತ್ತಿರ ಬಂದರೆ ಯಾರೋ ಕವಡೆ ಹಾಕುವ ಬದಲು ಸಂಖ್ಯೆ ಆರಿಸಿದ್ದಾರೆ ಎಂದೇ ಅರ್ಥ.